ಗಟ್ಟಿಮೇಳಕ್ಕೆ ಮೊದಲೇ ಮಾತು ಮುಗಿಸಿ: ವಿದೇಶಿ ಅತಿಥಿಗಳಿಗೆ ನಮ್ಮ ಮದುವೆಯನ್ನು ತಿಳಿಸಿ ಹೇಳುವ ಬಗೆ

ನಾನು ಮೈಸೂರಿನಲ್ಲಿ ಜರ್ಮನ್ ಭಾಷೆಯ ಗೈಡ್. ಕೆಲವು ವರ್ಷಗಳಿಂದ ರೆಸಾರ್ಟ್ ಮದುವೆಗಳಲ್ಲಿ ದುಭಾಷಿಯ ಕೆಲಸವನ್ನೂ ಮಾಡುತ್ತಿದ್ದೇನೆ. ಮೊದಲ ಮದುವೆಯಲ್ಲಿ ಒಂದು ತಪ್ಪು ಮಾಡಿದೆ. ಧಾರೆ ಎಂದರೇನು ಎಂದು ಅತಿಥಿಗಳಿಗೆ ಮನಸ್ಸಿಟ್ಟು ವಿವರಿಸುತ್ತಿದ್ದೆ. ಅಷ್ಟರಲ್ಲಿ ಓಲಗದ ಸದ್ದು ಏರಿತು, ಅಕ್ಷತೆ ಹಾರಿತು, ತಾಳಿ ಕಟ್ಟಿ ಆಗಿತ್ತು. ಏಳು ಸಾವಿರ ಕಿಲೋಮೀಟರ್ ದೂರದಿಂದ ಬಂದವರು ಆ ಗಳಿಗೆಯಲ್ಲಿ ಮಂಟಪ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಅರ್ಥವನ್ನು ಕ್ರಿಯೆಗೆ ಮೊದಲೇ ಹೇಳಬೇಕು. ಕ್ರಿಯೆ ನಡೆಯುವಾಗ ಹೆಸರು ಮಾತ್ರ ಹೇಳಬೇಕು. ಉದ್ದದ ಮಾತೆಲ್ಲ ಊಟದ ಹೊತ್ತಿಗೆ.

ಇದನ್ನು ಮಾಡುವುದು ಹೇಗೆ ಎಂದು ಈಚಿನ ಒಂದು ಮದುವೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯ ಒಂದು ರೆಸಾರ್ಟ್. ವೈಶಾಖ ಮಾಸ, ಮೇ ತಿಂಗಳು. ಹುಡುಗ ಹುಡುಗಿ ಇಬ್ಬರೂ ಕನ್ನಡದವರೇ, ಮ್ಯೂನಿಕ್‌ನಲ್ಲಿ ಕೆಲಸ. ಅವರ ಜೊತೆ ಬಂದವರು 22 ಜನ ಜರ್ಮನ್ ಸ್ನೇಹಿತರು. ಲಗ್ನ ಬೆಳಿಗ್ಗೆ 10:40ರಿಂದ 11:25ರ ತನಕ. ನಿಮ್ಮ ಮನೆಯ ಮದುವೆಗೆ ಇಂಗ್ಲಿಷ್‌ನಲ್ಲಿ ಹೇಳುವವರು ನೀವೇ ಆಗಿದ್ದರೂ ಇದೇ ದಾರಿ ನಡೆಯುತ್ತದೆ.

ಮೊದಲು ಪುರೋಹಿತರನ್ನು ಕಾಣಿ

ಮದುವೆಗೆ ಒಂದು ವಾರ ಮೊದಲು ಪುರೋಹಿತರ ಹತ್ತಿರ ಅರ್ಧ ಗಂಟೆ ಕೇಳಿಕೊಳ್ಳಿ. ಫೋನಿನಲ್ಲಿ ಆದರೂ ಪರವಾಗಿಲ್ಲ. ಆದರೆ "ನಾನು ಹೇಳುವಾಗ ಸ್ವಲ್ಪ ನಿಲ್ಲಿಸಿ" ಎಂದು ಮಾತ್ರ ಕೇಳಬೇಡಿ. ಅವರಿಗೆ ಲಗ್ನದ ಒತ್ತಡ ಇರುತ್ತದೆ. ನಾನು ಕೇಳಿದ್ದು ಹೀಗೆ: "ಶಾಸ್ತ್ರಿಗಳೇ, ನೀವು ಎಲ್ಲೂ ನಿಲ್ಲಿಸೋದು ಬೇಡ. ಜನ ಸುಮ್ನೆ ಕಾಯ್ತಾ ಕೂತಿರೋ ಹೊತ್ತು ಯಾವುದು ಅಂತ ಮಾತ್ರ ಹೇಳಿ." ಅವರು ನಕ್ಕು, "ಹಾಗೆ ಕೇಳಿದ್ರೆ ಬೇಕಾದಷ್ಟಿದೆಯಮ್ಮ" ಎಂದರು.

ನಿಜ, ಬೇಕಾದಷ್ಟಿದೆ. ಕಲಶ ಪೂಜೆ ಮತ್ತು ಸಂಕಲ್ಪಕ್ಕೆ ಹತ್ತು ಹನ್ನೆರಡು ನಿಮಿಷ. ಸೋದರಮಾವ ಹುಡುಗಿಯನ್ನು ಕರೆತರುವ ಮೊದಲು ಐದು ನಿಮಿಷ. ಮಾಂಗಲ್ಯಧಾರಣೆ ಆದಮೇಲೆ ಹೋಮಕ್ಕೆ ಅಣಿಮಾಡುವಾಗ ಕಾಲು ಗಂಟೆ. ನಮ್ಮ ಮದುವೆಯಲ್ಲಿ ಮಾತಿಗೆ ಜಾಗ ಇದ್ದೇ ಇದೆ. ಅದು ಕ್ರಿಯೆಗಳ ನಡುವಿನ ಈ ಬಿಡುವುಗಳಲ್ಲಿ ಇದೆ.

ಪುರೋಹಿತರಿಂದ ತಿಳಿದುಕೊಳ್ಳಬೇಕಾದ ಎರಡನೆಯ ವಿಷಯ, ಈ ಮನೆಯವರದು ಯಾವ ಶಾಖೆ, ಯಾವ ಪದ್ಧತಿ ಎಂಬುದು. ಜೀರಿಗೆ ಬೆಲ್ಲ ಮಾಂಗಲ್ಯಕ್ಕೆ ಮೊದಲೋ ಆಮೇಲೋ, ಕಾಶಿಯಾತ್ರೆ ಮಾಡುತ್ತಾರೋ ಇಲ್ಲವೋ, ಸಪ್ತಪದಿಯ ಏಳು ಮಾತುಗಳು ಯಾವುವು, ಎಲ್ಲವೂ ಮನೆಯಿಂದ ಮನೆಗೆ ಬೇರೆ. ಅಂತರ್ಜಾಲದಲ್ಲಿ ಸಿಗುವ "ಭಾರತೀಯ ಮದುವೆ"ಯ ಪಟ್ಟಿ ಹಿಡಿದು ಹೋದರೆ ಮಂಟಪದಲ್ಲಿ ಒಂದು ನಡೆಯುತ್ತಿರುತ್ತದೆ, ನೀವು ಇನ್ನೊಂದು ಹೇಳುತ್ತಿರುತ್ತೀರಿ.

ಕಾರ್ಡ್ ಮಾಡಿ, ನಂಬರ್ ಹಾಕಿ

ನಾನು ಒಂದೇ ಹಾಳೆಯ ಕಾರ್ಡ್ ಮಾಡಿಸುತ್ತೇನೆ. ಅದರಲ್ಲಿ ಒಂಬತ್ತು ಸಾಲು, ಒಂದೊಂದಕ್ಕೂ ನಂಬರ್. ಪ್ರತಿ ಸಾಲಿನಲ್ಲಿ ಮೂರೇ ವಿಷಯ: ಏನನ್ನು ನೋಡಬೇಕು, ಅದರ ಅರ್ಥ ಏನು, ನೀವೇನು ಮಾಡಬೇಕು. ಉದಾಹರಣೆಗೆ ಮೂರನೆಯ ಸಾಲು ಹೀಗಿತ್ತು:

"3. ಅಂತರಪಟ. ಇಬ್ಬರ ನಡುವೆ ಬಟ್ಟೆ ಹಿಡಿಯುತ್ತಾರೆ, ಶುಭಗಳಿಗೆ ಬಂದಾಗ ಅದು ಸರಿಯುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಬಟ್ಟೆ ಸರಿಯುವಾಗ ಅವರ ಕಣ್ಣು ನೋಡಿ."

ಇದನ್ನು ಜರ್ಮನ್‌ನಲ್ಲಿ ಗಡಿಯಾರ ಹಿಡಿದು ಜೋರಾಗಿ ಓದಿ ನೋಡಿದೆ. ಹತ್ತು ಹನ್ನೆರಡು ಸೆಕೆಂಡ್ ಆಯಿತು. ಹದಿನೈದು ಸೆಕೆಂಡ್ ದಾಟಿದ ಸಾಲನ್ನು ನಾನು ಕತ್ತರಿಸುತ್ತೇನೆ. ಕತ್ತರಿಸಿದ್ದು ವ್ಯರ್ಥವಲ್ಲ, ಊಟದ ಹೊತ್ತಿಗೆ ಬೇಕಾಗುತ್ತದೆ.

ನಂಬರಿನ ಉಪಯೋಗ ಇಲ್ಲಿದೆ. ಹುಡುಗಿಯ ಕಡೆಯ ಒಬ್ಬ ತಮ್ಮನ ಕೈಗೆ ದೊಡ್ಡದಾಗಿ 1ರಿಂದ 9 ಬರೆದ ರಟ್ಟುಗಳನ್ನು ಕೊಡುತ್ತೇನೆ. ಅತಿಥಿಗಳ ಸಾಲಿನ ಪಕ್ಕದಲ್ಲಿ ನಿಂತು, ಕ್ರಿಯೆ ಶುರುವಾಗುವ ಒಂದು ನಿಮಿಷ ಮೊದಲು ಆ ನಂಬರ್ ಎತ್ತಿ ಹಿಡಿದರೆ ಸಾಕು. ಎಲ್ಲರೂ ಕಾರ್ಡ್ ನೋಡಿ ತಲೆ ಎತ್ತುತ್ತಾರೆ. ಓಲಗ ಎಷ್ಟೇ ಜೋರಾಗಿದ್ದರೂ ಇದು ಕೆಲಸ ಮಾಡುತ್ತದೆ. ಮದುವೆಯ ಒಂದು ಕ್ಷಣವೂ ಇದಕ್ಕೆ ಖರ್ಚಾಗುವುದಿಲ್ಲ.

ಕೂರುವ ಜಾಗ, ಕಿವಿಯ ಯಂತ್ರ

ಎಂಟು ಹತ್ತು ಜನ ಇದ್ದರೆ ಅವರ ನಡುವೆ ಕೂತು ಪಿಸುಮಾತಿನಲ್ಲಿ ಹೇಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಪಿಸುಮಾತು ಗದ್ದಲವಾಗುತ್ತದೆ. ಅರಮನೆ, ಮ್ಯೂಸಿಯಂಗಳಲ್ಲಿ ಪ್ರವಾಸಿ ಗುಂಪುಗಳು ಬಳಸುವ ಟೂರ್ ಗೈಡ್ ಸೆಟ್ ಬಾಡಿಗೆಗೆ ಸಿಗುತ್ತದೆ. ನಿಮ್ಮ ಬಾಯಿಯ ಹತ್ತಿರ ಚಿಕ್ಕ ಮೈಕು, ಅವರ ಒಂದು ಕಿವಿಗೆ ಇಯರ್‌ಪೀಸ್. ಇನ್ನೊಂದು ಕಿವಿ ಮಂತ್ರಕ್ಕೆ ತೆರೆದಿರಬೇಕು, ಅದಕ್ಕೇ ಎರಡು ಕಿವಿಯ ಹೆಡ್‌ಫೋನ್ ಬೇಡ. ಹಿಂದಿನ ದಿನ ಅದೇ ಹಾಲಿನಲ್ಲಿ, ಮಂಟಪದ ಮೈಕುಗಳನ್ನೆಲ್ಲ ಆನ್ ಮಾಡಿಸಿ ಪರೀಕ್ಷಿಸಿ. ಸೌಂಡಿನವರ ವೈರ್‌ಲೆಸ್ ಮೈಕು ನಿಮ್ಮ ಸೆಟ್ಟಿಗೆ ಅಡ್ಡ ಬಂದರೆ ಗೊರಗೊರ ಸದ್ದು ಬರುತ್ತದೆ. ಆಗ ಚಾನೆಲ್ ಬದಲಿಸಿಕೊಳ್ಳಬೇಕು. ಮದುವೆಯ ದಿನ ಅದಕ್ಕೆ ಪುರಸೊತ್ತು ಇರುವುದಿಲ್ಲ.

ನೀವು ಕೂರುವ ಜಾಗದಿಂದ ಎರಡು ಕಾಣಬೇಕು: ಪುರೋಹಿತರ ಕೈ ಮತ್ತು ಓಲಗದವರು. ಪುರೋಹಿತರು ಬೆರಳೆತ್ತಿ ಆಡಿಸಿದರೆ ಗಟ್ಟಿಮೇಳ. ಆ ಸನ್ನೆಗೆ ಓಲಗದವರು ಹೇಗೆ ಕಾದಿರುತ್ತಾರೋ ನೀವೂ ಹಾಗೇ ಕಾದಿರಬೇಕು.

ಇನ್ನೊಂದು ಮಾತು. ಮುಖ್ಯ ಗಳಿಗೆಗಳಲ್ಲಿ ಫೋಟೋ, ವಿಡಿಯೋದವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ, ಅಲ್ವಾ? ನಮಗೆ ಅದು ರೂಢಿಯಾಗಿದೆ. ಅವರಿಗೆ ತುಂಬ ಬೇಸರವಾಗುತ್ತದೆ. ಅತಿಥಿಗಳ ಸಾಲಿನ ನೇರಕ್ಕೆ ಒಂದು ಬದಿ ಬಿಟ್ಟುಕೊಡುವಂತೆ ಫೋಟೋದವರಿಗೆ ಹಿಂದಿನ ದಿನವೇ ಹೇಳಿ. ಕಾಣದ ಕ್ರಿಯೆಯ ಅರ್ಥ ಹೇಳಿ ಪ್ರಯೋಜನವಿಲ್ಲ.

ಹಿಂದಿನ ಸಂಜೆಯ ಇಪ್ಪತ್ತು ನಿಮಿಷ

ವರಪೂಜೆಯ ಸಂಜೆ ಅತಿಥಿಗಳನ್ನು ಒಂದು ಕಡೆ ಕೂರಿಸಿ, ಸಾಮಾನುಗಳನ್ನು ಮುಂದಿಟ್ಟು ಮಾತಾಡುತ್ತೇನೆ. ಅಕ್ಷತೆಯನ್ನು ಅವರ ಕೈಗೇ ಕೊಡುತ್ತೇನೆ. ಮುರಿಯದ ಅಕ್ಕಿ, ಅದಕ್ಕೇ ಅಕ್ಷತೆ ಎಂದರೆ ಒಂದೇ ಮಾತಿನಲ್ಲಿ ಮುಗಿಯಿತು. ಆಮೇಲೆ ಹಾಕುವುದನ್ನು ಕಲಿಸುತ್ತೇನೆ. ಬಲಗೈ, ಮೆಲ್ಲಗೆ, ತಲೆಯ ಮೇಲೆ ಬೀಳುವಂತೆ. ಅವರ ಊರಿನಲ್ಲೂ ಚರ್ಚಿನ ಹೊರಗೆ ಅಕ್ಕಿ ಎರಚುವ ರೂಢಿ ಇರುವುದರಿಂದ ಖುಷಿಯಲ್ಲಿ ಜೋರಾಗಿ ಎಸೆದುಬಿಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ಯಾವಾಗ ಹಾಕಬೇಕು ಎಂಬುದು. ಫೋನಿನಲ್ಲಿ ಗಟ್ಟಿಮೇಳದ ಸದ್ದು ಕೇಳಿಸಿ, "ಈ ಸದ್ದು ಬರುವ ತನಕ ಮುಷ್ಟಿ ಬಿಚ್ಚಬೇಡಿ" ಎಂದು ಹೇಳುತ್ತೇನೆ.

ಜರ್ಮನ್ ಅತಿಥಿಗಳಿದ್ದರೆ ಸ್ವಸ್ತಿಕದ ಮಾತನ್ನು ಈ ಸಂಜೆಯೇ ಆಡಿಬಿಡಬೇಕು. ರಂಗೋಲಿಯಲ್ಲಿ, ಕಲಶದ ಮೇಲೆ, ಲಗ್ನಪತ್ರಿಕೆಯಲ್ಲಿ ಅದು ಇರುತ್ತದೆ. ಅವರ ದೇಶದಲ್ಲಿ ನಾಜಿಗಳ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಮಂಟಪದಲ್ಲಿ ಅದನ್ನು ಇದ್ದಕ್ಕಿದ್ದಂತೆ ಕಂಡವರ ಮುಖ ಗಟ್ಟಿಯಾಗುತ್ತದೆ, ಫೋನನ್ನು ಕೆಳಗಿಳಿಸುತ್ತಾರೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಸು, ಅಸ್ತಿ. ಒಳ್ಳೆಯದಾಗಲಿ ಎಂದು ಅರ್ಥ. ಎರಡು ಸಾವಿರ ವರ್ಷಕ್ಕಿಂತ ಹಿಂದಿನಿಂದ ನಮ್ಮ ಬಾಗಿಲುಗಳ ಮೇಲೆ ಇದೆ. ನಾಳೆ ಇಲ್ಲಿ ಕಾಣುತ್ತದೆ" ಎಂದು ನೇರವಾಗಿ ಹೇಳುತ್ತೇನೆ. ಅವರ ಇತಿಹಾಸ ಕೆದಕಿ ವಾದಕ್ಕೆ ಇಳಿಯುವುದು ಬೇಡ. ಆ ಚಿಹ್ನೆ ಬಿದ್ದ ಫೋಟೋವನ್ನು ಅವರು ಹಂಚಿಕೊಳ್ಳದೆ ಇದ್ದರೆ ಯಾರೂ ತಪ್ಪು ತಿಳಿಯಬಾರದು ಎಂದು ಮನೆಯವರಿಗೂ ಒಂದು ಮಾತು ಹೇಳಿಡಿ.

ಬಿಡುವಿನಲ್ಲಿ ಏನು ಹೇಳಬೇಕು

ಸಂಕಲ್ಪದ ಹೊತ್ತು ನನಗೆ ತುಂಬ ಇಷ್ಟ. ನಮ್ಮವರೇ ಆಗ ಕಾಫಿಗೆ ಎದ್ದು ಹೋಗುತ್ತಾರೆ. ಆದರೆ ಬೇರೆ ಊರಿಗೆ ಬಂದು ಮಾಡುವ ಮದುವೆಯಲ್ಲಿ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಪುರೋಹಿತರು ಜಂಬೂದ್ವೀಪೇ, ಭರತವರ್ಷೇ, ಗೋದಾವರ್ಯಾಃ ದಕ್ಷಿಣೇ ತೀರೇ, ಶಾಲಿವಾಹನ ಶಕೇ ಎಂದು ಹೇಳುತ್ತಾ ಸಂವತ್ಸರ, ಮಾಸ, ತಿಥಿ, ವಾರ, ನಕ್ಷತ್ರದ ತನಕ ಬರುತ್ತಾರೆ. "ನೀವು ಕಾಗದದ ತುದಿಯಲ್ಲಿ ಊರು, ತಾರೀಖು ಬರೆಯುತ್ತೀರಲ್ಲ, ಹಾಗೆ. ಇವರು ಸೃಷ್ಟಿಯ ಆರಂಭದಿಂದ ಎಣಿಸುತ್ತಾ ಈ ಬೆಳಗಿಗೆ ಬಂದಿದ್ದಾರೆ. ಭೂಮಿಯ ಈ ಜಾಗದಲ್ಲಿ, ಈ ದಿನ, ಇಂಥವರ ಮಗ ನಾನು ಇದನ್ನು ಮಾಡುತ್ತೇನೆ ಎಂದು ಹುಡುಗ ಹೇಳುತ್ತಿದ್ದಾನೆ." ಅಷ್ಟು ಹೇಳಿದರೆ ಅವರು ಮಂತ್ರವನ್ನು ಕಿವಿಗೊಟ್ಟು ಕೇಳತೊಡಗುತ್ತಾರೆ. ಒಂದೊಂದು ಶಬ್ದವನ್ನೂ ಅನುವಾದಿಸಲು ಹೋಗಬೇಡಿ. ಮಂತ್ರದ ವೇಗಕ್ಕೆ ಯಾವ ಭಾಷೆಯೂ ಓಡಲಾರದು.

ಕಾಶಿಯಾತ್ರೆಗೆ ಮೊದಲು ಒಂದೇ ಮಾತು ಸಾಕು: "ಇದು ಆಟ, ನಗಬಹುದು." ಕೊಡೆ, ಕೋಲು ಹಿಡಿದು ಹುಡುಗ ಹೊರಟಾಗ ಅವರು ಗಾಬರಿಯಾಗಬಾರದು, ಅಷ್ಟೇ.

ಧಾರೆಯ ವಿಷಯಕ್ಕೆ ಮಾತ್ರ ತಯಾರಿ ಬೇಕು. ಕನ್ಯಾದಾನ ಎಂಬುದನ್ನು ಪದಕ್ಕೆ ಪದ ಇಟ್ಟು ಹೇಳಿದರೆ "ಕನ್ಯೆಯನ್ನು ಉಡುಗೊರೆ ಕೊಡುವುದು" ಎಂದಾಗುತ್ತದೆ. ಕೇಳಿದವರಿಗೆ ಮುಜುಗರ ಆಗೇ ಆಗುತ್ತದೆ. ಕೆಲವರು ಇದಕ್ಕೆ ಹೆದರಿ ಅರ್ಥವನ್ನೇ ಬದಲಿಸಿ "ಆಶೀರ್ವಾದ ಸಮಾರಂಭ" ಎಂದುಬಿಡುತ್ತಾರೆ. ಅದು ಸುಳ್ಳು, ನನಗೆ ಒಪ್ಪಿಗೆಯಿಲ್ಲ. ಕೊಡುವುದು ಇದೆ. ಆದರೆ ಕೊಡುವ ಬಗೆ ಯಾವುದು ಎಂಬುದನ್ನು ಹೇಳಬೇಕು. ನಮ್ಮ ಹಳೆಯ ಶಾಸನಗಳಲ್ಲಿ ಭೂಮಿ ಬಿಟ್ಟಾಗ "ಕಾಲಂ ಕರ್ಚಿ ಧಾರಾಪೂರ್ವಕಂ" ಎಂದು ಬರುತ್ತದೆ. ಪಡೆಯುವವರ ಕಾಲು ತೊಳೆದು, ನೀರು ಎರೆದು ಕೊಟ್ಟರು ಎಂದು ಅರ್ಥ. ನೀರು ಎರೆದ ಮೇಲೆ ಆ ಮಾತಿನಿಂದ ಹಿಂದೆ ಸರಿಯುವಂತಿಲ್ಲ. ಮಂಟಪದಲ್ಲಿ ಹುಡುಗಿಯ ತಂದೆ ತಾಯಿ ಅಳಿಯನ ಕಾಲು ತೊಳೆದು, ಕೈಗಳ ಮೇಲೆ ಧಾರೆ ಎರೆಯುವುದೂ ಅದೇ ರೀತಿ. ಅದಕ್ಕೆ ಪ್ರತಿಯಾಗಿ ತಂದೆ ಒಂದು ಮಾತು ಪಡೆಯುತ್ತಾರೆ. ಧರ್ಮ, ಅರ್ಥ, ಕಾಮಗಳಲ್ಲಿ ಇವಳನ್ನು ಮೀರಿ ನಡೆಯಬಾರದು ಎನ್ನುತ್ತಾರೆ. ಹುಡುಗ "ನಾತಿಚರಾಮಿ", ಮೀರುವುದಿಲ್ಲ, ಎನ್ನುತ್ತಾನೆ.

ಹಾಗಾಗಿ ನನ್ನ ಸಾಲು ಹೀಗಿತ್ತು: "ತಂದೆ ತಾಯಿ ನೀರು ಎರೆದು ಮಗಳನ್ನು ಒಪ್ಪಿಸುತ್ತಾರೆ. ಇದು ಹಿಂತೆಗೆಯಲಾಗದ ಮಾತು ಕೊಡುವ ಹಳೆಯ ರೀತಿ. ಹುಡುಗ 'ಇವಳನ್ನು ಮೀರಿ ನಡೆಯುವುದಿಲ್ಲ' ಎಂದು ಮಾತು ಕೊಡುತ್ತಾನೆ." ಇದನ್ನು ಮೊದಲೇ ಹುಡುಗಿಗೆ ಓದಿ ತೋರಿಸಿದೆ. ತನ್ನ ಮದುವೆಯನ್ನು ತನ್ನ ಸ್ನೇಹಿತರಿಗೆ ಯಾವ ಮಾತಿನಲ್ಲಿ ಹೇಳಬೇಕು ಎಂಬುದು ಅವಳ ಹಕ್ಕು. ಅವಳು "ಒಪ್ಪಿಸು" ಎಂಬುದನ್ನು ಹಾಗೇ ಉಳಿಸಿದಳು. "ನಾತಿಚರಾಮಿ ಅನ್ನೋದನ್ನ ಸಂಸ್ಕೃತದಲ್ಲೇ ಹೇಳಿಕೊಡಿ ಅಕ್ಕ, ಅವನು ಹೇಳಿದಾಗ ಅವರಿಗೆ ಗೊತ್ತಾಗಲಿ" ಎಂದಳು. ಒಳ್ಳೆಯ ಉಪಾಯ. ಹಿಂದಿನ ಸಂಜೆಯೇ ಎಲ್ಲರಿಗೂ ಆ ಒಂದು ಪದ ಕಲಿಸಿದೆ. ಮರುದಿನ ಮೈಕಿನಲ್ಲಿ ಹುಡುಗನ ದನಿ ಬಂದಾಗ 22 ಜನವೂ ನನ್ನ ಸಹಾಯ ಇಲ್ಲದೆ ಗುರುತು ಹಿಡಿದರು.

ಹೋಮಕ್ಕೂ ಇದೇ ಎಚ್ಚರ ಬೇಕು. ಜರ್ಮನ್‌ನಲ್ಲಿ ಆಹುತಿಗೆ ನಿಘಂಟು ಕೊಡುವ "ಓಪ್ಫರ್" ಎಂಬ ಪದಕ್ಕೆ ಬಲಿ ಎಂದೂ, ಬಲಿಯಾದವರು ಎಂದೂ ಅರ್ಥ. ನಾನು "ಗಾಬೆ", ಅಂದರೆ ಕಾಣಿಕೆ, ಎಂಬ ಪದ ಹಿಡಿದೆ. ನಿಮ್ಮ ಕಾರ್ಡನ್ನು ಆ ಭಾಷೆಯವರೊಬ್ಬರ ಹತ್ತಿರ ಓದಿಸಿಯೇ ಅಚ್ಚಿಗೆ ಕೊಡಿ.

ಮಾಂಗಲ್ಯದ ತಟ್ಟೆ ಬಂದಾಗ

ತಾಳಿ ಕಟ್ಟುವ ಮೊದಲು ಮಾಂಗಲ್ಯವನ್ನು ತಟ್ಟೆಯಲ್ಲಿಟ್ಟು ಹಿರಿಯರ ಮುಂದೆ ತರುತ್ತಾರೆ. ಎಲ್ಲರೂ ಮುಟ್ಟಿ ನಮಸ್ಕರಿಸುತ್ತಾರೆ. ಒಂದು ಮದುವೆಯಲ್ಲಿ ಈ ತಟ್ಟೆ ಅತಿಥಿಗಳ ಸಾಲಿಗೆ ಬಂದಾಗ ಮೊದಲನೆಯವರು ಪರ್ಸ್ ತೆಗೆದು ನೋಟು ಇಟ್ಟರು. ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಬರುವುದು ಹೀಗೇ ತಾನೇ. ಎರಡನೆಯವರು ಅದನ್ನೇ ನೋಡಿ ಇಟ್ಟರು. ಮೂರನೆಯವರು ತಾಳಿಯನ್ನೇ ಎತ್ತಿ ನೋಡಿದರು. ಹಿರಿಯರೊಬ್ಬರು ಕೂಗಿಕೊಂಡರು, ಲಗ್ನದ ಎರಡು ನಿಮಿಷ ಅದರಲ್ಲೇ ಹೋಯಿತು. ತಪ್ಪು ಆ ಅತಿಥಿಗಳದ್ದಲ್ಲ. ಈಗ ನನ್ನ ಕಾರ್ಡಿನ ಐದನೆಯ ಸಾಲು: "ಬೆರಳ ತುದಿಯಿಂದ ಮುಟ್ಟಿ. ಎತ್ತಬೇಡಿ. ಹಣ ಇಡಬೇಡಿ." ಜೊತೆಗೆ, ತಟ್ಟೆ ತರುವವರಿಗೆ ಮೊದಲು ನನ್ನ ಮುಂದೆ ಹಿಡಿಯಲು ಹೇಳುತ್ತೇನೆ. ನಾನು ಮುಟ್ಟಿದ್ದನ್ನು ನೋಡಿ ಉಳಿದವರು ಹಾಗೇ ಮಾಡುತ್ತಾರೆ.

ಇಲ್ಲಿಂದ ಮಾತು ಬೇಗ ಮುಗಿಸಬೇಕು. "ನನ್ನ ಬದುಕಿಗೆ ಕಾರಣವಾದ ಈ ಸೂತ್ರವನ್ನು ನಿನ್ನ ಕೊರಳಿಗೆ ಕಟ್ಟುತ್ತೇನೆ, ನೂರು ವರ್ಷ ಬಾಳು ಎನ್ನುತ್ತಾನೆ. ಮೂರು ಗಂಟು. ಸದ್ದು ಜೋರಾದಾಗ ಅಕ್ಷತೆ." ಆಮೇಲೆ ಮೈಕು ಆಫ್. ಶಾಸ್ತ್ರಿಗಳ ಬೆರಳು ಏಳುವ ಹೊತ್ತಿಗೆ ನಿಮ್ಮ ಬಾಯಿ ಮುಚ್ಚಿ ಕನಿಷ್ಠ ಒಂದು ನಿಮಿಷ ಆಗಿರಬೇಕು. ಗಟ್ಟಿಮೇಳದಲ್ಲಿ ಹೇಳಿದ್ದು ಹೇಗೂ ಕೇಳಿಸುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಅದು 11:12ಕ್ಕೆ ಆಯಿತು, ಲಗ್ನ ಮುಗಿಯಲು ಇನ್ನೂ 13 ನಿಮಿಷ ಇತ್ತು.

ಏಳು ಹೆಜ್ಜೆ, ಏಳು ಪದ

ಸಪ್ತಪದಿಯಲ್ಲಿ ಒಂದು ಹೆಜ್ಜೆಗೆ ಕೆಲವೇ ಸೆಕೆಂಡ್. ವಾಕ್ಯಕ್ಕೆ ಜಾಗ ಇಲ್ಲ, ಪದಕ್ಕೆ ಮಾತ್ರ ಇದೆ. ಋಗ್ವೇದದವರ ಆಶ್ವಲಾಯನ ಪದ್ಧತಿಯಲ್ಲಿ ಅನ್ನ, ಬಲ, ಸಂಪತ್ತು, ಸುಖ, ಮಕ್ಕಳು, ಋತುಗಳು, ಸ್ನೇಹ. ಕಾಲು ಮುಂದಿಡುವಾಗಲೇ ಪದ ಬರಬೇಕು. ಕೃಷ್ಣ ಯಜುರ್ವೇದದವರಲ್ಲಿ ಮೂರನೆಯದು ವ್ರತ, ಐದನೆಯದು ಪಶುಸಂಪತ್ತು. ಅದಕ್ಕೇ ಶಾಖೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ ಎಂದಿದ್ದು. ಏಳನೆಯ ಹೆಜ್ಜೆಯಲ್ಲಿ "ಸಖಾ" ಎಂದು ಬಂದಾಗ ನಾನು "ಸ್ನೇಹ" ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ. ಏಳು ಹೆಜ್ಜೆ ಜೊತೆಗೆ ನಡೆದರೆ ಸ್ನೇಹ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.

ಅತಿಥಿಗಳು ಹಿಂದಿ ಸಿನಿಮಾ ನೋಡಿ ಬಂದಿರುತ್ತಾರೆ, ಬೆಂಕಿಯ ಸುತ್ತ ಏಳು ಸುತ್ತು ಎಣಿಸಲು ಕಾಯುತ್ತಾರೆ. ನಮ್ಮಲ್ಲಿ ಸುತ್ತು ಬರುವುದು ಲಾಜಹೋಮದಲ್ಲಿ, ಮೂರು. ಏಳು ಇರುವುದು ಹೆಜ್ಜೆ. ಹೋಮಕ್ಕೆ ಅಣಿಮಾಡುವ ಬಿಡುವಿನಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಮೂರನೇ ಸುತ್ತಿನ ಮೇಲೆ "ಇನ್ನು ನಾಲ್ಕು ಯಾಕಿಲ್ಲ?" ಎಂಬ ಪಿಸುಗುಟ್ಟು ಶುರುವಾಗುತ್ತದೆ. ಹುಡುಗಿಯ ಕೈಗೆ ಅರಳು ಹಾಕುವವನು ಅವಳ ತಮ್ಮ ಎಂಬುದನ್ನೂ ಅದೇ ಬಿಡುವಿನಲ್ಲಿ ಸೇರಿಸಿ. ಕಲ್ಲಿನ ಮೇಲೆ ಕಾಲಿಡುವಾಗ "ಕಲ್ಲಿನ ಹಾಗೆ ಸ್ಥಿರವಾಗಿರು" ಎಂದರೆ ಸಾಕು.

ನಿಮ್ಮ ಮಾತು ಜಾಸ್ತಿಯಾಯಿತು ಎಂದು ತಿಳಿಯುವುದು ಸುಲಭ. ಅತಿಥಿಗಳ ತಲೆ ಮಂಟಪದಿಂದ ನಿಮ್ಮ ಕಡೆ ತಿರುಗಿದ್ದರೆ ನಿಲ್ಲಿಸಿ. ಇಬ್ಬರು ಮೂವರು ಇಯರ್‌ಪೀಸ್ ತೆಗೆದರೂ ನಿಲ್ಲಿಸಿ. ಪುರೋಹಿತರು ಎರಡು ಸಲ ನಿಮ್ಮ ಕಡೆ ನೋಡಿದರೆ ನಿಮ್ಮ ಪಿಸುಮಾತು ಅವರಿಗೆ ಕೇಳಿಸುತ್ತಿದೆ ಎಂದೇ ಅರ್ಥ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಕಾರ್ಡಿನ ಹಿಂಬದಿಯಲ್ಲಿ ಬರೆದಿಡಲು ಹೇಳಿ. ಅದಕ್ಕೆಂದೇ ಹಿಂಬದಿಯನ್ನು ಖಾಲಿ ಬಿಡಿಸಿ, ಪೆನ್ಸಿಲ್ ಇಟ್ಟಿರುತ್ತೇನೆ. ಎಲೆ ಊಟದ ಹೊತ್ತಿಗೆ ಒಬ್ಬೊಬ್ಬರದೇ ತೆಗೆದುಕೊಂಡು ನಿಧಾನವಾಗಿ ಉತ್ತರಿಸಬಹುದು.

ಕೊನೆಗೆ ಬರುವುದು ಅರುಂಧತಿ ದರ್ಶನ. ಹಗಲು ಹನ್ನೆರಡರ ಬಿಸಿಲಲ್ಲಿ ಮದುಮಕ್ಕಳು ಆಕಾಶ ನೋಡುತ್ತಾರೆ. ಆಗ "ಒಂದು ನಕ್ಷತ್ರ ತೋರಿಸುತ್ತಿದ್ದಾರೆ, ರಾತ್ರಿ ನಿಮಗೂ ತೋರಿಸುತ್ತೇನೆ" ಎಂದಷ್ಟೇ ಹೇಳಿದೆ. ವೈಶಾಖದಲ್ಲಿ ರಾತ್ರಿ ಎಂಟೂವರೆಗೆ ಸಪ್ತರ್ಷಿ ಮಂಡಲ ಉತ್ತರಕ್ಕೆ ಚೆನ್ನಾಗಿ ಮೇಲೆ ಬಂದಿರುತ್ತದೆ. ರೆಸಾರ್ಟಿನವರಿಗೆ ಹೇಳಿ ನದಿಯ ಕಡೆಯ ದೀಪಗಳನ್ನು ಹತ್ತು ನಿಮಿಷ ಆರಿಸಿದೆವು. ಸೌಟಿನ ಹಾಗೆ ಕಾಣುವ ಆ ಮಂಡಲದ ಹಿಡಿಯ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡ ಹಾಗೆ ಮಿನುಕುವ ಚಿಕ್ಕದು ಅರುಂಧತಿ. ಜರ್ಮನ್ನರೂ ಇವನ್ನು ಬಲ್ಲರು, ಮಿಜಾರ್ ಮತ್ತು ಆಲ್ಕೋರ್ ಎನ್ನುತ್ತಾರೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಒಬ್ಬೊಬ್ಬರಾಗಿ "ಎರಡು, ಎರಡು" ಎನ್ನತೊಡಗಿದರು. ಬೆಳಿಗ್ಗೆ ಮಂಟಪದಲ್ಲಿ ಸುಮ್ಮನೆ ತಲೆ ಎತ್ತಿದ್ದ ಹುಡುಗಿಯೂ ಬಂದು ಅವರ ನಡುವೆ ನಿಂತಳು. ಅವಳೂ ಅದನ್ನು ನಿಜವಾಗಿ ಕಂಡದ್ದು ಆಗಲೇ.